ಐದು ಜನ, ಆರು ಗಂಟು, ಒಂದು ದೀಪಾವಳಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರುಗಳಲ್ಲಿ ರೈಲು ನಿಲ್ದಾಣವಿಲ್ಲ. ಹಾಗಾಗಿ ಬೆಂಗಳೂರಿನಿಂದ ಹಬ್ಬಕ್ಕೆ ಬರುವ ನಮ್ಮ ಕಡೆಯವರು ಟಿಕೆಟ್ ದರ ಕೇಳುವ ಮೊದಲು "ಎಲ್ಲಿ ಇಳೀಬೇಕು, ಅಲ್ಲಿಂದ ಮುಂದೆ ಹೆಂಗೆ?" ಅಂತ ಕೇಳುತ್ತಾರೆ. 2025ರ ದೀಪಾವಳಿಗೆ ದಾಸರಹಳ್ಳಿಯಿಂದ ನ್ಯಾಮತಿಗೆ ಬರಬೇಕಿದ್ದ ಅಣ್ಣನ ಸಂಸಾರಕ್ಕಾಗಿ ನಾವು ಮನೆಯವರೆಲ್ಲ ಕೂತು ಲೆಕ್ಕ ಹಾಕಿದ್ದೂ ಹೀಗೆಯೇ.

ಬರುವವರು ಐದು ಜನ: ಅಣ್ಣ, ಅತ್ತಿಗೆ, ಹತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು, ಮೊಣಕಾಲು ನೋವಿಗೆ ತೋರಿಸಲು ಅಲ್ಲೇ ಉಳಿದಿದ್ದ ಅವ್ವ. ಅವ್ವನಿಗೆ ಸಕ್ಕರೆ ಕಾಯಿಲೆಯೂ ಇದೆ, ಎರಡು ತಾಸಿಗೊಮ್ಮೆ ಎದ್ದು ಹೋಗಲೇಬೇಕು. ಸಾಮಾನು ಆರು ಗಂಟು, ಎಲ್ಲ ಸೇರಿ 60 ಕೆ.ಜಿ. ಆಸುಪಾಸು.

ವಿಮಾನದ ಆಸೆ ಮಕ್ಕಳದು. ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ಬೆಂಗಳೂರಿನ ವಿಮಾನ ಶುರುವಾದಾಗಿನಿಂದ ಅದು ಬಾಯಲ್ಲೇ ಇದೆ. ಆಕಾಶದಲ್ಲಿ ಇರುವುದು ಒಂದು ತಾಸಿಗೆ ತುಸು ಹೆಚ್ಚು ಅಷ್ಟೆ. ಆದರೆ ದಾಸರಹಳ್ಳಿಯಿಂದ ದೇವನಹಳ್ಳಿಗೆ ಒಂದೂವರೆ ತಾಸು, ಅಲ್ಲಿ ಕಾಯುವುದು ಎರಡು ತಾಸು, ಸೋಗಾನೆಯಲ್ಲಿ ಇಳಿದ ಮೇಲೆ ಶಿವಮೊಗ್ಗ ದಾಟಿ ನ್ಯಾಮತಿಗೆ ಕಾರಿನಲ್ಲಿ ಒಂದು ತಾಸಿನ ಮೇಲೆ. ಕೂಡಿದರೆ ಆರು ತಾಸು. ಬಸ್ಸಿಗೆ ಏಳು. ಎರಡು ವರ್ಷ ತುಂಬಿದ ಮಗುವಿಗೂ ಸೀಟು ಕೊಳ್ಳಬೇಕಾದ್ದರಿಂದ ಐದೂ ಟಿಕೆಟ್ ಆಗುತ್ತವೆ. ಸಾಮಾನ್ಯ ಟಿಕೆಟ್ಟಿಗೆ 15 ಕೆ.ಜಿ. ಲಗೇಜು, ಕೈಚೀಲಕ್ಕೆ 7. ಬರುವಾಗ ಇದು ಸಾಕು. ವಾಪಸು ಹೋಗುವಾಗ 25 ಕೆ.ಜಿ. ಅಕ್ಕಿ ಚೀಲ, ತೆಂಗಿನಕಾಯಿ, ಚಕ್ಕುಲಿ ಡಬ್ಬಿ ಸೇರಿದರೆ ಹೆಚ್ಚುವರಿ ತೂಕಕ್ಕೆ ಕಟ್ಟುವ ದುಡ್ಡಿನಲ್ಲಿ ಬೆಂಗಳೂರಲ್ಲೇ ಅಕ್ಕಿ ಬರುತ್ತದೆ.

ರೈಲು, ಬಸ್ಸಿನಲ್ಲಿ ತೂಕದ ಚಿಂತೆಯಿಲ್ಲ. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆ.ಜಿ., ಸರ್ಕಾರಿ ಬಸ್ಸಿನಲ್ಲಿ 30 ಕೆ.ಜಿ. ಉಚಿತ. ಅಲ್ಲಿ ಎಣಿಸಬೇಕಾದ್ದು ಎತ್ತಿ ಇಳಿಸುವುದನ್ನು. ತಾಳಗುಪ್ಪ ರೈಲಿಗೆ ಬಂದರೆ ಮನೆಯಿಂದ ಟ್ಯಾಕ್ಸಿ, ಆಮೇಲೆ ರೈಲು, ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿದು ಬಸ್ ಸ್ಟ್ಯಾಂಡಿಗೆ ಆಟೊ, ಅಲ್ಲಿಂದ ನ್ಯಾಮತಿ ಬಸ್ಸು. ನಾಲ್ಕು ಸಲ ಹತ್ತಿ ನಾಲ್ಕು ಸಲ ಇಳಿದರೆ ಆರು ಗಂಟಿಗೆ 48 ಸಲ ಎತ್ತಿ ಇಳಿಸಿದಂತಾಯಿತು. ಐದು ಜನ, ಆರು ಗಂಟಿಗೆ ಆಟೊ ಒಂದು ಸಾಲದು, ಎರಡು ಬೇಕು. ರಾತ್ರಿ ಬಸ್ಸಾದರೆ ಜಾಲಹಳ್ಳಿ ಕ್ರಾಸಿಗೆ ಆಟೊ, ಅಲ್ಲಿ ಹತ್ತಿದರೆ ಇಳಿಯುವುದು ನ್ಯಾಮತಿಯಲ್ಲೇ. ಲೆಕ್ಕ 24ಕ್ಕೆ ಇಳಿಯುತ್ತದೆ. ಮುಂದಿನದಕ್ಕೆ ನಮ್ಮ ಟಿವಿಎಸ್ ಇದೆ.

ಬರೀ ಗಂಟಿನ ಲೆಕ್ಕವಾದರೆ ಬಸ್ಸೇ ಗೆದ್ದಂತೆ. ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಅವ್ವ, ಅತ್ತಿಗೆಗೆ ಟಿಕೆಟ್ ದುಡ್ಡೂ ಇಲ್ಲ (ಐರಾವತ, ರಾಜಹಂಸ, ಸ್ಲೀಪರ್‌ಗೆ ಅದು ಅನ್ವಯಿಸುವುದಿಲ್ಲ). ಆದರೆ ಬಸ್ಸು ಊಟಕ್ಕೆ ನಿಲ್ಲಿಸುವುದು ಒಂದೇ ಸಲ. "ನಾನು ಸಂಜೆಯಿಂದ ನೀರೇ ಕುಡಿಯಲ್ಲ ಬಿಡಪ್ಪ" ಅಂದಳು ಅವ್ವ. ಸಕ್ಕರೆ ಕಾಯಿಲೆಯವರು ಹಾಗೆ ಮಾಡಬಾರದು. ಅದನ್ನು ಕೇಳಿದ ಮೇಲೆ 24ರ ಲೆಕ್ಕ ಅಲ್ಲಿಗೇ ನಿಂತಿತು.

ರೈಲಿನಲ್ಲಿ ಶೌಚಾಲಯವಿದೆ, ಆದರೆ ಅವ್ವನಿಗೆ ಕೆಳಗಿನ ಬರ್ತ್ ಬೇಕು. ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಕಟ್ಟಳೆಯಿದೆ. ಹಿರಿಯರ ಕೋಟಾ ಸಿಗುವುದು ಅವರು ಒಬ್ಬರೇ, ಇಲ್ಲವೇ ಅರ್ಹರು ಇಬ್ಬರು ಮಾತ್ರ ಒಂದು ಟಿಕೆಟ್ಟಿನಲ್ಲಿದ್ದಾಗ. ಮನೆಮಂದಿಯನ್ನೆಲ್ಲ ಒಂದೇ ಟಿಕೆಟ್ಟಿಗೆ ಸೇರಿಸಿದರೆ ಕೋಟಾ ತಪ್ಪುತ್ತದೆ. ಅದಕ್ಕೇ ಅವ್ವನ ಟಿಕೆಟ್ ಬೇರೆ ಮಾಡಿದೆವು, ಐಆರ್‌ಸಿಟಿಸಿಯಲ್ಲಿ LOWER BERTH/SR.CITIZEN ಆಯ್ದುಕೊಂಡು. ಬೋಗಿ ಬೇರೆಯಾಗುವ ಭಯ ಇದ್ದೇ ಇತ್ತು. ಹಾಗಾದರೆ ಅಣ್ಣ ರಾತ್ರಿಯೆಲ್ಲ ಓಡಾಡಬೇಕಾಗುತ್ತಿತ್ತು, ಆಗಲಿಲ್ಲ. ಹತ್ತು ವರ್ಷದವನಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ. ಪೂರ್ತಿಯೇ ಕೊಟ್ಟೆವು. ಚಿಕ್ಕವಳು ಪುಕ್ಕಟೆ, ಅತ್ತಿಗೆಯ ಮಗ್ಗುಲಲ್ಲಿ.

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ. ಅಕ್ಟೋಬರ್ 18ರ ಶನಿವಾರದ ಪ್ರಯಾಣಕ್ಕೆ ಆಗಸ್ಟ್ 19ರ ಬೆಳಿಗ್ಗೆ 8ಕ್ಕೆ ಬುಕಿಂಗ್ ತೆರೆಯಿತು. ಗಣಪತಿ ಕೂರಿಸುವ ಮೊದಲೇ ದೀಪಾವಳಿ ಟಿಕೆಟ್!

48ನ್ನು ಕಡಿಮೆ ಮಾಡಿದ್ದು ಶಿವಮೊಗ್ಗದಿಂದ ಮನೆ ಬಾಗಿಲಿಗೆ ಮಾತಾಡಿಟ್ಟ ಕಾರು. ಆಟೊ, ಬಸ್ಸು ಎರಡೂ ತಪ್ಪಿ 36ಕ್ಕೆ ಬಂತು. ವಾಪಸು ಹೋಗುವಾಗ ಅವ್ವ ಊರಲ್ಲೇ ಉಳಿದಳು. ಉಳಿದ ನಾಲ್ವರು ರಾತ್ರಿ ಬಸ್ಸು ಹತ್ತಿದರು, ಅಕ್ಕಿ ಚೀಲ ಡಿಕ್ಕಿಯಲ್ಲಿ.