ಕೇಬಲ್ ಬಿಟ್ಟ ಮೇಲೆ ಅಪ್ಪನ ನ್ಯೂಸು

ಈಗಷ್ಟೇ ಅಪ್ಪ ಹಾಲ್‌ನಿಂದ ಕೂಗಿದ್ರು, 'ಲೋ, ಇವನು ಇನ್ನೂ ಆರೂವರೆ ಅಂತಿದ್ದಾನಲ್ಲೋ!' ಗಡಿಯಾರ ನೋಡಿದ್ರೆ ಏಳು. ಕಾಫಿಗೆ ಎದ್ದಾಗ ಯೂಟ್ಯೂಬ್ ಲೈವನ್ನು ಪಾಜ್ ಮಾಡಿ ಹೋಗಿದ್ದಾರೆ, ವಾಪಸ್ ಬಂದು ಅಲ್ಲಿಂದಲೇ ನೋಡ್ತಿದ್ದಾರೆ. LIVE ಪಕ್ಕದ ಕೆಂಪು ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿದ್ರೆ ಹಳೇದು ಓಡ್ತಿದೆ ಅಂತ ಅರ್ಥ. ಅದನ್ನೇ ಒತ್ತಿದೆ, ಏಳು ಗಂಟೆಗೆ ಬಂತು.

ಉತ್ತರಹಳ್ಳಿ ಮನೆಯಲ್ಲಿ ಕೇಬಲ್ ತೆಗೆಸಿ ಎರಡು ತಿಂಗಳಾಯ್ತು. ಬಿಲ್ ಹೀಗಿತ್ತು: ಚಾನೆಲ್ ನೋಡಲಿ ಬಿಡಲಿ ಕಟ್ಟಬೇಕಾದ ಮೂಲ ಶುಲ್ಕ 130, ಸೀರಿಯಲ್ಲು-ಸಿನಿಮಾ ಪ್ಯಾಕ್ 150, ಮೇಲೆ 18% ಜಿಎಸ್‌ಟಿ. ತಿಂಗಳಿಗೆ ಒಟ್ಟು 330 ರೂಪಾಯಿ. ಪ್ಯಾಕ್ ಅಮ್ಮನದು, ಅವರು ಈಗ ಎಲ್ಲಾ ಮೊಬೈಲಲ್ಲೇ ನೋಡ್ತಾರೆ. ಅಪ್ಪ ನೋಡೋ ಕನ್ನಡ ನ್ಯೂಸ್ ಚಾನೆಲ್‌ಗಳೆಲ್ಲ ಯೂಟ್ಯೂಬಲ್ಲಿ ಪುಕ್ಕಟೆ ಲೈವ್ ಇವೆ. ವರ್ಷಕ್ಕೆ ಹತ್ತಿರಹತ್ತಿರ 4,000 ಉಳೀತು.

ಆದ್ರೆ ಈ ಲೆಕ್ಕ ಸರಿಹೋಗೋದು ನನ್ನ ಆಫೀಸ್ ಕೆಲಸಕ್ಕೆ ವೈಫೈ ಮೊದಲೇ ಇದ್ದದ್ದಕ್ಕೆ. ಅದಕ್ಕೆ ತಿಂಗಳಿಗೆ ಜಿಎಸ್‌ಟಿ ಸೇರಿ 589. ಬರೀ ನ್ಯೂಸಿಗೋಸ್ಕರ ಹೊಸದಾಗಿ ವೈಫೈ ಹಾಕಿಸೋರಿಗೆ ಇದು ನಷ್ಟದ ಬಾಬ್ತು. ಪ್ಯಾಕ್ ತೆಗೆಸಿ ಮೂಲ ಶುಲ್ಕದಲ್ಲೇ ಕೇಬಲ್ ಇಟ್ಕೊಂಡ್ರೆ ತಿಂಗಳಿಗೆ 153 ಸಾಕು, ಉಚಿತ ಚಾನೆಲ್‌ಗಳು ಅದರಲ್ಲೇ ಬರುತ್ವೆ.

ಇನ್ನೊಂದು ವಿಷಯ, ಪಾಜ್ ಮಾಡದಿದ್ರೂ ನೆಟ್ ಲೈವ್ ಅರ್ಧ ನಿಮಿಷ ಹಿಂದೆ ಇರುತ್ತೆ. ಪಕ್ಕದ ಮನೆಯಲ್ಲಿ ಕೇಬಲ್ ಇದೆ. ಬ್ರೇಕಿಂಗ್ ನ್ಯೂಸಿನ 'ಢಣ್' ಮೊದಲು ಗೋಡೆಯಾಚೆ ಕೇಳ್ಸುತ್ತೆ, ಆಮೇಲೆ ನಮ್ಮಲ್ಲಿ. ಅಪ್ಪನಿಗೆ ಅದೇ ಅವಮಾನ.

ನಿಮ್ಮನೇಲಿ ಕೇಬಲ್ ಇನ್ನೂ ಇದೆಯಾ, ಹೋಯ್ತಾ?