ಸಹಿಯ ಸರದಿ

ಪುಣೆಯ ನಮ್ಮ ಆಫೀಸಿನಲ್ಲಿ ಲಾರಿ ಸಾಗಣೆಯ ಹೊಸ ಕರಾರಿಗೆ ನಾಲ್ವರ ಇ-ಸಹಿ ಬೇಕಿತ್ತು. ಹಳೆಯದು ಶುಕ್ರವಾರ ಮುಗಿಯುತ್ತಿತ್ತು. ಬುಧವಾರವೂ ಎರಡೇ ಸಹಿ. "ಡೈರೆಕ್ಟರಿಗೆ ಫೋನ್ ಮಾಡ್ರೀ" ಅಂದರು ಮ್ಯಾನೇಜರ್. ನಾನು ಮೊದಲು ಪಟ್ಟಿ ನೋಡಿದೆ. ಸಹಿಗೆ ಸರದಿ ಇಟ್ಟಿದ್ದೆವು. ಮೂರನೆಯವರು ಹಾಕುವತನಕ ನಾಲ್ಕನೆಯವರಾದ ಡೈರೆಕ್ಟರಿಗೆ ಮೇಲ್ ಹೋಗುವುದೇ ಇಲ್ಲ. ಬಾರದ ಮೇಲನ್ನು ಹುಡುಕಿಸಿ ಬೈಸಿಕೊಳ್ಳುವುದೇಕೆ?

ಮೂರನೆಯವರು ಲಾರಿ ಮಾಲೀಕರು. ಅವರು ಕಡತ ತೆರೆದು ನೋಡಿದ್ದಾರೆಂದು ಪಟ್ಟಿ ಹೇಳುತ್ತಿತ್ತು. ತೆರೆಯದವರಿಗೆ ಇನ್ನೊಂದು ಮೇಲ್ ಸಾಕು. ತೆರೆದೂ ಸಹಿ ಹಾಕದವರಿಗೆ ಏನೋ ಅಡ್ಡಿ ಇರುತ್ತದೆ. ಫೋನ್ ಮಾಡಿದೆ. ಆಧಾರಿಗೆ ಜೋಡಿಸಿದ್ದು ಅವರ ಹಳೆಯ ನಂಬರು. ಒಟಿಪಿ ಅಲ್ಲಿಗೆ ಹೋಗುತ್ತಿತ್ತು, ಆ ಫೋನು ಮನೆಯಲ್ಲಿತ್ತು. ಮರಾಠಿಯಲ್ಲಿ ಗೊಣಗುತ್ತಲೇ ರಾತ್ರಿ ಸಹಿ ಹಾಕಿದರು. ಡೈರೆಕ್ಟರಿಗೆ ಗುರುವಾರ ಬೆಳಿಗ್ಗೆ ಫೋನ್ ಮಾಡಿದೆ.