ಬೆರಳಿನ ಅಧಿಕಾರ

ಕುಲಗೋಡ ತಮ್ಮಣ್ಣನು ಬೆಳೆಯಿಸಿದ, ಮುಂದೆ ಕೌಜಲಗಿ ನಿಂಗಮ್ಮನ ಕಂಠದಲ್ಲಿ ನಾಡಿಗೆಲ್ಲ ಹೆಸರಾದ ಶ್ರೀಕೃಷ್ಣ ಪಾರಿಜಾತದ ಸೀಮೆ ನಮ್ಮದು. ಆ ಆಟಕ್ಕೆ ಸ್ವರ ಹಿಡಿಯುವ ಪೇಟಿಯ ಹೊರತು ಬೇರೆ ಕೀಲಿಮಣೆಯ ವಾದ್ಯವನ್ನು ತುಕ್ಕಾನಟ್ಟಿಯ ಸುತ್ತಮುತ್ತಲಿನವರಾದ ನಾವು ಬಹುಕಾಲ ಕಂಡವರಲ್ಲ. ಪೇಟಿಯನ್ನು ನುಡಿಸುತ್ತ ಬೆಳೆದ ನನಗೆ ಆ ವಾದ್ಯವೇ ಒಂದು ಪ್ರಶ್ನೆಯನ್ನು ಕಲಿಸಿಕೊಟ್ಟಿತು. ಕೀಲಿಯನ್ನು ಮೆಲ್ಲನೆ ಒತ್ತಿದರೂ ಬಲವಾಗಿ ಒತ್ತಿದರೂ ಒಳಗಿನ ಬಾಯೊಂದು ತೆರೆಯುತ್ತದೆ, ಅಷ್ಟೆ. ನಾದದ ಏರಿಳಿತವೆಲ್ಲ ತಿದಿಯನ್ನು ಹಿಡಿದ ಎಡಗೈಗೆ ಸೇರಿದ್ದು, ಮತ್ತು ಆ ಗಾಳಿಯು ತೆರೆದ ಸ್ವರಗಳಿಗೆಲ್ಲ ಒಟ್ಟಿಗೆ ಹರಿಯುವುದರಿಂದ, ಕೂಡಿ ನುಡಿಯುವ ಮೂರು ಸ್ವರಗಳಲ್ಲಿ ಒಂದನ್ನು ಮಾತ್ರ ಎತ್ತಿ ತೋರಿಸಬೇಕೆಂದರೆ ಬೆರಳು ಅಸಹಾಯವಾಗುತ್ತದೆ. ಹಾಗಾದರೆ, ಕೀಲಿಯನ್ನೊತ್ತಿದ ಬೆರಳಿಗೆ ನಾದದ ಮೇಲೆ ಇರುವ ಅಧಿಕಾರವೆಷ್ಟು, ಅದು ಎಲ್ಲಿಯವರೆಗೆ ನಡೆಯುತ್ತದೆ? ಬೆಳಗಾವಿಯ ಕ್ಯಾಂಪಿನ ಹಳೆಯ ಮನೆಯೊಂದರಲ್ಲಿ, ಮುಂದಣ ಹಲಗೆಯನ್ನು ತೆಗೆದಿರಿಸಿದ ನಿಲುವು ಪಿಯಾನೋದ ಎದುರು ಕುಳಿತಂದಿನಿಂದ ಈ ಪ್ರಶ್ನೆಯೇ ನನ್ನ ಅತ್ಯಂತ ಪ್ರಿಯವಾದ ವ್ಯಾಸಂಗವಾಗಿದೆ. ಪಿಯಾನೋದ ವಂಶಚರಿತ್ರೆಯೆಂಬುದು ಇದೊಂದೇ ಪ್ರಶ್ನೆಗೆ ಮೂರು ವಾದ್ಯಗಳು ಕೊಟ್ಟ ಮೂರು ಉತ್ತರಗಳೆಂದು ನನಗೆ ತೋರುತ್ತದೆ.

ಮೊದಲನೆಯ ಉತ್ತರ ಹಾರ್ಪ್ಸಿಕಾರ್ಡಿನದು. ಅದರ ಕೀಲಿಯ ಹಿಂತುದಿಯ ಮೇಲೆ ತೆಳ್ಳನೆಯ ಮರದ ಪಟ್ಟಿಯೊಂದು ನೆಟ್ಟಗೆ ನಿಂತಿರುತ್ತದೆ. ಆ ಪಟ್ಟಿಯಲ್ಲಿ ಪುಟ್ಟದೊಂದು ನಾಲಗೆ, ನಾಲಗೆಯಲ್ಲಿ ಹಕ್ಕಿಯ ಗರಿಯ ದಿಂಡಿನಿಂದ ಕೊಯ್ದ ಮೊನೆ. ಕೀಲಿಯನ್ನು ಅದುಮಿದಾಗ ಪಟ್ಟಿಯು ಮೇಲೇರಿ, ಸಿತಾರಿನ ತಂತಿಯನ್ನು ಮಿಜರಾಬು ಮೀಟುವಂತೆ, ಗರಿಯು ತಂತಿಯನ್ನು ಮೀಟುತ್ತದೆ. ಬೆರಳನ್ನೆತ್ತಿದಾಗ ನಾಲಗೆಯು ಹಿಂದಕ್ಕೆ ಬಾಗಿ ತಂತಿಯನ್ನು ಮತ್ತೆ ಮೀಟದೆ ಜಾರಿಕೊಳ್ಳುತ್ತದೆ, ಪಟ್ಟಿಗೆ ಸಿಕ್ಕಿಸಿದ ಬಟ್ಟೆಯ ಚೂರು ತಂತಿಯನ್ನು ಮುಟ್ಟಿ ನಾದವನ್ನು ಅಡಗಿಸುತ್ತದೆ. ಗರಿಯು ಎಷ್ಟು ಬಾಗಿದರೆ ತಂತಿಯಿಂದ ಜಾರುವುದೋ ಅಷ್ಟೇ ಬಾಗುವುದರಿಂದ ಬೆರಳಿನ ಬಲವು ಹೆಚ್ಚಾದರೂ ಕಡಿಮೆಯಾದರೂ ನಾದದಲ್ಲಿ ಎಣಿಸತಕ್ಕಷ್ಟು ವ್ಯತ್ಯಾಸವಾಗದು. ಫ್ರಾನ್ಸಿನ ಫ್ರಾಂಸ್ವಾ ಕೂಪರಾನನು 1713ರಲ್ಲಿ ಪ್ರಕಟಿಸಿದ ತನ್ನ ಮೊದಲ ಸಂಪುಟದ ಮುನ್ನುಡಿಯಲ್ಲಿ ಈ ಕೊರತೆಯನ್ನು ತಾನೇ ಒಪ್ಪಿಕೊಂಡಿದ್ದಾನೆ.

ಆದರೆ ಕೊರತೆಯನ್ನು ಬಲ್ಲ ರಚನಕಾರನು ಅದರ ಸುತ್ತಲೇ ತನ್ನ ಶಿಲ್ಪವನ್ನು ಕಟ್ಟುತ್ತಾನೆ. ಸ್ವರವೊಂದನ್ನು ಗಟ್ಟಿಯಾಗಿ ನುಡಿಸಿ ಎತ್ತಿ ತೋರಿಸಲಾಗದಿದ್ದಲ್ಲಿ, ಅದರ ಮುಂದೆ ಕಿರಿದಾದೊಂದು ಸ್ವರಾಲಂಕಾರವನ್ನಿಟ್ಟು ಕಿವಿಯನ್ನು ಅದರತ್ತ ತಿರುಗಿಸಬಹುದು. ಅಥವಾ ಅದರ ಹಿಂದೆ ಕ್ಷಣಮಾತ್ರದ ಮೌನವನ್ನು ಬಿಟ್ಟು ಅದನ್ನು ಬೇರ್ಪಡಿಸಬಹುದು. ಬೇಗನೆ ಆರಿಹೋಗುವ ದೀರ್ಘಸ್ವರವನ್ನು ಎರಡು ಸ್ವರಗಳ ತ್ವರಿತವಾದ ಕಂಪದಿಂದ ಬದುಕಿಸಿಡಬಹುದು. ನಾದವು ತುಂಬಿ ಬರಬೇಕಾದ ಎಡೆಯಲ್ಲಿ ಎರಡು ಎಳೆಗಳ ಬದಲು ಐದಾರು ಎಳೆಗಳನ್ನು ಕೂಡಿಸಬಹುದು. ಆ ಕಾಲದ ಕೃತಿಗಳಲ್ಲಿ ಕಿಕ್ಕಿರಿದ ಅಲಂಕಾರಗಳು ಬರಿಯ ಆಡಂಬರವಲ್ಲ. ಬೆರಳಿಗೆ ಇಲ್ಲದ ಅಧಿಕಾರವನ್ನು ಲೇಖನಿಯು ವಹಿಸಿಕೊಂಡ ಬಗೆ ಅದು.

ಎರಡನೆಯ ಉತ್ತರ ಕ್ಲಾವಿಕಾರ್ಡಿನದು. ಇದನ್ನು ನೆನೆದಾಗಲೆಲ್ಲ ನಮ್ಮ ಸಂಗೀತದ ಕಿವಿಗೆ ಏನೋ ನಂಟು ಕಂಡುಬರುತ್ತದೆ. ಇದರ ಯಂತ್ರದಷ್ಟು ಸರಳವಾದುದು ಇನ್ನೊಂದಿಲ್ಲ: ಕೀಲಿಯ ಹಿಂತುದಿಯಲ್ಲಿ ಹಿತ್ತಾಳೆಯ ಚಿಕ್ಕ ಅಲಗು, ಅದು ಮೇಲೆದ್ದು ತಂತಿಯನ್ನು ಮುಟ್ಟುತ್ತದೆ, ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಆ ಅಲಗೇ ತಂತಿಯನ್ನು ನುಡಿಸುವುದೂ ಹೌದು, ನುಡಿಯುವ ತಂತಿಯ ಉದ್ದವನ್ನು ನಿರ್ಣಯಿಸುವುದೂ ಹೌದು. ಬೆರಳು ಕೀಲಿಯ ಮೇಲಿರುವ ತನಕ ಅದು ತಂತಿಯನ್ನು ಬಿಡುವುದಿಲ್ಲ. ಆದ್ದರಿಂದ ಬೆರಳಿನ ಒತ್ತಡವನ್ನು ಮೆಲ್ಲಮೆಲ್ಲನೆ ಹೆಚ್ಚುಕಡಿಮೆ ಮಾಡಿದರೆ ತಂತಿಯ ಬಿಗಿ ಬದಲಾಗಿ ಸ್ವರವು ತೂಗಾಡುತ್ತದೆ. ಜರ್ಮನರು ಬೇಬುಂಗ್ ಎಂದು ಕರೆದ ಈ ಆಂದೋಲನವು, ಕೀಲಿಮಣೆಯ ವಾದ್ಯಗಳಲ್ಲಿ ಗಮಕಕ್ಕೆ ಅತ್ಯಂತ ಸಮೀಪವಾಗಿ ಬಂದುದು. ಗಮಕವನ್ನೂ ಮೀಂಡನ್ನೂ ನುಡಿಸಲಾಗದೆಂಬ ಕಾರಣವೇ ಮುಖ್ಯವಾಗಿ 1940ರಲ್ಲಿ ನಮ್ಮ ಆಕಾಶವಾಣಿಯು ಪೇಟಿಗೆ ಬಾಗಿಲು ಮುಚ್ಚಿದ್ದನ್ನು ಬಲ್ಲವರಿಗೆ, ಆ ಸಾಮರ್ಥ್ಯವುಳ್ಳ ಕೀಲಿಮಣೆಯೊಂದು ಶತಮಾನಗಳ ಹಿಂದೆಯೇ ಇದ್ದಿತೆಂಬುದು ಸೋಜಿಗವೆನಿಸೀತು. ಆದರೆ ಅಧಿಕಾರವು ಪೂರ್ಣವಾದಲ್ಲಿ ನಾದವು ಅಲ್ಪವಾಯಿತು. ತಂತಿಯನ್ನು ಮುಟ್ಟಿಕೊಂಡೇ ಇರುವ ಅಲಗು ಅದಕ್ಕೆ ಹೆಚ್ಚಿನ ಕಂಪನವನ್ನು ಕೊಡಲಾರದು. ಒಂದು ಕೊಠಡಿಯೊಳಗೆ, ಹತ್ತಿರ ಕುಳಿತ ಒಬ್ಬಿಬ್ಬರಿಗೆ ಮಾತ್ರ ಕೇಳುವ ದನಿ ಅದು. ಮಹಾನ್ ಬಾಖ್‌ನ ಮಗನಾದ ಕಾರ್ಲ್ ಫಿಲಿಪ್ ಇಮಾನುಯೆಲ್ ಬಾಖ್‌ನು ತನ್ನ ಹೃದಯದ ಮಾತುಗಳನ್ನು ಈ ವಾದ್ಯಕ್ಕೇ ಒಪ್ಪಿಸಿದನು. ತನ್ನ ಪ್ರೀತಿಯ ಕ್ಲಾವಿಕಾರ್ಡು ಬೇರೊಬ್ಬನ ಪಾಲಾದಾಗ, 1781ರಲ್ಲಿ, ಅದಕ್ಕೆ ವಿದಾಯ ಹೇಳುವ ಕೃತಿಯೊಂದನ್ನೇ ರಚಿಸಿದನು.

ಮೂರನೆಯ ಉತ್ತರವನ್ನು ಕೊಟ್ಟವನು ಪಾದುವಾ ನಗರದ ಬಾರ್ತೊಲೊಮೆಯೊ ಕ್ರಿಸ್ತೋಫೊರಿ. ಫ್ಲಾರೆನ್ಸಿನ ಮೆಡಿಚಿ ರಾಜಕುಮಾರ ಫರ್ಡಿನಾಂಡೊನ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಈ ಕುಶಲಕರ್ಮಿಯು ನಿರ್ಮಿಸಿದ, ಮೆಲುವಾಗಿಯೂ ಗಟ್ಟಿಯಾಗಿಯೂ ನುಡಿಯಬಲ್ಲ ಹೊಸ ವಾದ್ಯವೊಂದು 1700ರ ಅರಮನೆಯ ಪಟ್ಟಿಯಲ್ಲಿ ದಾಖಲಾಗಿದೆ; ಅವನ ಕೈಯಿಂದ ಬಂದವುಗಳಲ್ಲಿ 1720, 1722 ಮತ್ತು 1726ರ ಮೂರು ಪಿಯಾನೋಗಳು ಇಂದಿಗೂ ಉಳಿದಿವೆ. ತಂತಿಯನ್ನು ಸುತ್ತಿಗೆಯಿಂದ ಹೊಡೆಯಬೇಕೆಂಬುದು ಸುಲಭವಾಗಿ ಹೊಳೆಯುವ ವಿಚಾರ. ಕಷ್ಟವಿರುವುದು ಹೊಡೆದ ಮರುಕ್ಷಣದಲ್ಲಿ. ಬೆರಳು ಕೆಳಗೊತ್ತಿಕೊಂಡೇ ಇರುವಾಗ ಸುತ್ತಿಗೆಯೂ ತಂತಿಗೆ ಒತ್ತಿಕೊಂಡು ನಿಂತರೆ ನಾದವು ಹುಟ್ಟುತ್ತಲೇ ಉಸಿರುಗಟ್ಟಿ ಸಾಯುತ್ತದೆ. ಆದುದರಿಂದ ಕ್ರಿಸ್ತೋಫೊರಿಯು ಕೀಲಿಗೂ ಸುತ್ತಿಗೆಗೂ ನಡುವೆ ಒಂದು ಒತ್ತುಗೋಲನ್ನಿಟ್ಟನು. ಅದು ಸುತ್ತಿಗೆಯನ್ನು ಮೇಲಕ್ಕೆ ತಳ್ಳುತ್ತ ಹೋಗಿ, ತಂತಿಯು ಇನ್ನೇನು ಸಿಕ್ಕಿತೆನ್ನುವಾಗ ಪಕ್ಕಕ್ಕೆ ಜಾರಿ ಸುತ್ತಿಗೆಯನ್ನು ಕೈಬಿಡುತ್ತದೆ. ಕೊನೆಯ ಎಳೆಯಷ್ಟು ದೂರವನ್ನು ಸುತ್ತಿಗೆಯು ತನ್ನ ವೇಗದಿಂದಲೇ ಕ್ರಮಿಸಿ, ತಂತಿಯನ್ನು ತಟ್ಟಿ, ಕೂಡಲೇ ಹಿಂದಿರುಗುತ್ತದೆ. ಹಿಂದಿರುಗಿದ್ದು ಪುಟಿದು ಎರಡನೆಯ ಬಾರಿ ಹೊಡೆಯದಂತೆ ಅದನ್ನು ಹಿಡಿದು ನಿಲ್ಲಿಸುವ ಏರ್ಪಾಡನ್ನೂ ಅವನು ಮಾಡಿದನು.

ಇದನ್ನು ಯಾರಾದರೂ ಸ್ವತಃ ಪರೀಕ್ಷಿಸಬಹುದು. ಪಿಯಾನೋದ ಒಂದು ಕೀಲಿಯನ್ನು ಅತಿ ನಿಧಾನವಾಗಿ ಕೆಳಗಿಳಿಸುತ್ತ ಬಂದರೆ, ತಳವನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಬೆರಳಿಗೆ ಒಂದು ಸಣ್ಣ ತಡೆ ತಗಲುತ್ತದೆ. ಒಳಗೆ ಸುತ್ತಿಗೆಯು ತಂತಿಯಿಂದ ಒಂದೆರಡು ಮಿಲಿಮೀಟರಿನಷ್ಟು ಹತ್ತಿರಕ್ಕೆ ಬಂದು, ತಟ್ಟದೆಯೇ ಹಿಂದೆ ಬೀಳುತ್ತದೆ. ಸ್ವರವೇ ಹುಟ್ಟುವುದಿಲ್ಲ! ಕೈಬಿಡುವ ಆ ಬಿಂದುವು ತಂತಿಯಿಂದ ತೀರ ದೂರವಾಗಿದ್ದರೆ ಮೆಲುವಾಗಿ ನುಡಿಸಿದ ಸ್ವರಗಳು ನಡುನಡುವೆ ಮೂಕವಾಗುತ್ತವೆ. ತೀರ ಸಮೀಪವಾಗಿದ್ದರೆ ಸುತ್ತಿಗೆಯು ತಂತಿಗೆ ಅಂಟಿದಂತಾಗಿ ಸ್ವರವು ಮೊಂಡಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಮರವೂ ಉಣ್ಣೆಯೂ ತೇವವನ್ನು ಹೀರಿ ಉಬ್ಬಿದಾಗ ಇಂಥ ಅಳತೆಗಳೆಲ್ಲ ಕದಲುವುವೆಂಬುದನ್ನು, ಸಿಕ್ಕಿಕೊಂಡು ಮೇಲೇಳದ ಕೀಲಿಗಳನ್ನು ಬಿಡಿಸುತ್ತ ನಾನು ಅರಿತುಕೊಂಡೆನು. ಹೀಗೆ ಪಿಯಾನೋದಲ್ಲಿ ಬೆರಳಿನ ಅಧಿಕಾರವು ಸುತ್ತಿಗೆಯ ವೇಗವನ್ನು ನಿರ್ಣಯಿಸುವುದರೊಂದಿಗೆ ಮುಗಿಯುತ್ತದೆ. ಹುಟ್ಟಿದ ನಾದವನ್ನು ತೂಗುವ ಶಕ್ತಿಯನ್ನು ಬಿಟ್ಟುಕೊಟ್ಟು, ಪ್ರತಿಯೊಂದು ಸ್ವರದ ಬಲವನ್ನು ಬೇರೆಬೇರೆಯಾಗಿ ಆಳುವ ಶಕ್ತಿಯನ್ನು ಅದು ಪಡೆಯಿತು. 1732ರಲ್ಲಿ ಲೊದೊವಿಕೊ ಜಿಯುಸ್ತಿನಿಯು ಈ ವಾದ್ಯಕ್ಕೆಂದೇ ಪ್ರಕಟಿಸಿದ ಹನ್ನೆರಡು ಸೊನಾಟಾಗಳಲ್ಲಿ ಮೆಲುವು, ಗಟ್ಟಿ, ಇನ್ನೂ ಮೆಲುವು ಎಂಬ ಸೂಚನೆಗಳು ಸ್ವರಗಳ ನಡುವೆ ಬಂದು ಕುಳಿತುದು ಇದರ ಮೊದಲ ಫಲ.

ಬರಬರುತ್ತ ಸಭಾಗೃಹಗಳು ದೊಡ್ಡವಾಗಿ, ತಂತಿಗಳು ದಪ್ಪವಾಗಿ, ಸುತ್ತಿಗೆಗಳು ಭಾರವಾದಾಗ ಇನ್ನೊಂದು ತೊಡಕು ತಲೆದೋರಿತು. ಜಾರಿಹೋದ ಒತ್ತುಗೋಲು ಮರಳಿ ಸುತ್ತಿಗೆಯ ಅಡಿಗೆ ಸೇರಬೇಕಾದರೆ ಕೀಲಿಯು ಬಹುಮಟ್ಟಿಗೆ ಪೂರ್ತಿ ಮೇಲೇಳಬೇಕು. ಒಂದೇ ಸ್ವರವನ್ನು ಶೀಘ್ರವಾಗಿ ಮತ್ತೆ ಮತ್ತೆ ನುಡಿಸುವುದು ಇದರಿಂದ ದುಸ್ತರವಾಯಿತು. ಪ್ಯಾರಿಸ್ಸಿನ ಸೆಬಾಸ್ಟಿಯನ್ ಎರಾರ್‌ನು ರೂಪಿಸಿದ, 1821ರಲ್ಲಿ ಹಕ್ಕುಪತ್ರ ದೊರೆತ ಯಂತ್ರದಲ್ಲಿ, ಹಿಂದಿರುಗಿದ ಸುತ್ತಿಗೆಯನ್ನು ಸ್ಪ್ರಿಂಗಿನ ಬಲವುಳ್ಳ ಒಂದು ಸನ್ನೆಯು ನಡುದಾರಿಯಲ್ಲಿಯೇ ಎತ್ತಿ ಹಿಡಿದಿರುತ್ತದೆ. ಕೀಲಿಯು ಸ್ವಲ್ಪವೇ ಮೇಲೆದ್ದರೂ ಒತ್ತುಗೋಲು ತನ್ನ ಸ್ಥಾನವನ್ನು ಸೇರಿ ಮರುಪೆಟ್ಟಿಗೆ ಅಣಿಯಾಗುತ್ತದೆ. ಪ್ಯಾರಿಸ್ಸಿಗೆ ಬಾಲಕನಾಗಿ ಬಂದ ಲಿಸ್ಟ್‌ನಿಗೆ ಎರಾರ್ ಮನೆತನದ ಈ ಪಿಯಾನೋಗಳು ಒಲಿದುಬಂದುವು. ಮುಂದೆ ಅವನ ‘ಲಾ ಕಾಂಪನೆಲ್ಲಾ’ದಲ್ಲಿ ಗಂಟೆಗಳಂತೆ ಒಂದೇ ಸ್ವರವು ಎಡೆಬಿಡದೆ ಮಿಡಿಯುವ ಪಂಕ್ತಿಗಳು ಇಂಥ ಯಂತ್ರವನ್ನು ನಂಬಿ ಬರೆದಂಥವು. ನಿಲುವು ಪಿಯಾನೋಗಳಲ್ಲಿ ಸಾಮಾನ್ಯವಾಗಿ ಈ ಸನ್ನೆಯಿರುವುದಿಲ್ಲ. ನಾನು ಬಲ್ಲ ಆ ಹಳೆಯ ಪಿಯಾನೋದಲ್ಲಿ ಅಂಥ ಪಂಕ್ತಿಯನ್ನು ಎಷ್ಟು ಚುರುಕಾಗಿ ಪ್ರಯತ್ನಿಸಿದರೂ, ಕೀಲಿಯು ಸಾಕಷ್ಟು ಏಳದಾಗ ಸ್ವರಗಳು ನುಂಗಿಹೋಗುತ್ತವೆ.

ಯಂತ್ರವು ಬದಲಾದಾಗ ಹಿಂದೆ ಬರೆದಿಟ್ಟ ಕೃತಿಯ ಗತಿಯೇನೆಂಬುದಕ್ಕೆ ಬೀಥೋವನ್‌ನು 1801ರಲ್ಲಿ ರಚಿಸಿದ, ಬೆಳುದಿಂಗಳಿನ ಹೆಸರಿನಿಂದ ಪ್ರಸಿದ್ಧವಾದ ಸೊನಾಟಾವೇ ಸಾಕ್ಷಿ. ಅದರ ಮೊದಲ ಭಾಗವನ್ನೆಲ್ಲ, ನಾದವನ್ನಡಗಿಸುವ ಮೆತ್ತೆಗಳನ್ನು ತಂತಿಗಳಿಂದ ಎತ್ತಿ ಹಿಡಿದು ನುಡಿಸಬೇಕೆಂದು ಅವನು ವಿಧಿಸಿದ್ದಾನೆ. ಮರದ ಚೌಕಟ್ಟು, ತೆಳ್ಳನೆಯ ತಂತಿ, ಚರ್ಮ ಹೊದಿಸಿದ ಹಗುರವಾದ ಸುತ್ತಿಗೆಗಳಿದ್ದ ಅಂದಿನ ವಿಯೆನ್ನಾದ ಪಿಯಾನೋದಲ್ಲಿ ಸ್ವರವು ಬೇಗನೆ ಕ್ಷಯಿಸುತ್ತಿದ್ದುದರಿಂದ, ಹಿಂದಣ ಸ್ವರಸಂಘಾತವು ಮುಂದಿನದರ ಮೇಲೆ ತೆಳುವಾದೊಂದು ನೆರಳನ್ನು ಮಾತ್ರ ಬೀರುತ್ತಿದ್ದಿತು. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್‌ನು ಅಖಂಡವಾದ ಕಬ್ಬಿಣದ ಚೌಕಟ್ಟಿಗೆ ಹಕ್ಕುಪತ್ರ ಪಡೆದನು. ಅನಂತರದ ದಶಕಗಳಲ್ಲಿ ತಂತಿಗಳ ಒಟ್ಟು ಬಿಗಿಯು ಹಲವಾರು ಟನ್ನುಗಳಿಗೇರಿ ನಾದವು ದೀರ್ಘಾಯುವಾಯಿತು. ಆ ವಿಧಿಯನ್ನು ಇಂದಿನ ಪಿಯಾನೋದಲ್ಲಿ ಅಕ್ಷರಶಃ ಪಾಲಿಸಿದರೆ ಸ್ವರಗಳೆಲ್ಲ ಒಂದರಲ್ಲೊಂದು ಕಲಸಿಹೋಗುವುವು. ಆದುದರಿಂದ ವಾದಕರು ಸಂಘಾತವು ಬದಲಾದಂತೆಲ್ಲ ಮೆತ್ತೆಗಳನ್ನೆತ್ತುವ ಪೆಡಲನ್ನು ಬಿಟ್ಟು ಮತ್ತೆ ತುಳಿಯುತ್ತಾರೆ. ಲಿಖಿತವಾದ ಆಜ್ಞೆಯನ್ನು ಮೀರಿದರಲ್ಲದೆ ಅದರ ಆಶಯಕ್ಕೆ ಸಮೀಪವಾಗಲು ಸಾಧ್ಯವಾಗದಂಥ ಸ್ಥಿತಿಯಿದು.

ಯಂತ್ರದ ಎಲ್ಲೆಯನ್ನರಿತು ನಡೆಯುವ ವಿವೇಕವನ್ನು ನಮ್ಮ ನಾಡಿನಲ್ಲಿ ಬದುಕಿ ತೋರಿಸಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಪಿಯಾನೋ ವಾದನದಲ್ಲಿ ಪರಿಶ್ರಮಿಸಿ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದ, ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಿತವಾಗಲು ಧನವನ್ನಿತ್ತು, ಅವನ ಮೂರನೆಯ ಪಿಯಾನೋ ಕಂಚೆರ್ಟೊದ ಅರ್ಪಣೆಗೆ ಪಾತ್ರರಾದ ಈ ಮಹಾರಾಜರು, ತಾವೇ ವಾಗ್ಗೇಯಕಾರರಾದಾಗ ಶ್ರೀವಿದ್ಯೆಯ ಉಪಾಸನೆಯ ಸಂಸ್ಕೃತ ಕೃತಿಗಳನ್ನು ಕರ್ನಾಟಕ ಸಂಗೀತದ ಗಮಕಪ್ರಧಾನವಾದ ರಾಗಗಳಲ್ಲಿ ರಚಿಸಿದರು. ಕೈಬಿಟ್ಟ ಮೇಲೆ ಸ್ವರವನ್ನು ತೂಗಲರಿಯದ ಯಂತ್ರವನ್ನು ಅಷ್ಟು ಬಲ್ಲವರು, ತೂಗುವುದರಲ್ಲಿಯೇ ಪ್ರಾಣವಿರುವ ಸಂಗೀತವನ್ನು ಕಂಠಕ್ಕೂ ವೀಣೆಗೂ ಉಳಿಸಿದುದು ನನಗೆ ಸಹಜವಾಗಿಯೇ ಕಾಣುತ್ತದೆ. ಪಾರಿಜಾತದ ಪದಕ್ಕೆ ಪೇಟಿಯನ್ನು ಹಿಡಿದಾಗ ನಾನೂ ಈಗ ಹಾಗೆಯೇ ನಡೆದುಕೊಳ್ಳುತ್ತೇನೆ: ಸತ್ಯಭಾಮೆಯ ದನಿಯು ಸ್ವರವನ್ನು ತೂಗುವಲ್ಲಿ ಕೀಲಿಗಳಿಂದ ಅದನ್ನು ಅನುಕರಿಸಹೋಗದೆ ಷಡ್ಜವೊಂದನ್ನೇ ಹಿಡಿದು ನಿಲ್ಲುತ್ತೇನೆ, ಪದವು ಮುಗಿದು ಮೇಳವು ತಾಳಕ್ಕೆ ಬಿದ್ದಾಗ, ಕೀಲಿಗಳಿಗೆ ಸಲ್ಲುವ ಬಿಡಿಬಿಡಿಯಾದ ಚುರುಕು ಸ್ವರಗಳನ್ನು ನುಡಿಸುತ್ತೇನೆ.